ಇಶ್ಯೂ 48,600 ಕೆಜಿ, ಅಳತೆ 41,200 ಕೆಜಿ: ನಡುವಿನ ಕಬ್ಬಿಣ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: “ನಾವು ಕಟ್ಟಡ ಗುತ್ತಿಗೆದಾರರು. ಒಂದು ವರ್ಷದಿಂದ ಕೆಲಸದ ಪ್ರಮಾಣಪಟ್ಟಿಯಾದ ಬಿಒಕ್ಯೂ, ಸಬ್‌ಕಾಂಟ್ರಾಕ್ಟರ್ ಬಿಲ್, ಸೈಟ್ ಸ್ಟೋರ್ ಎಲ್ಲವನ್ನೂ ಇಆರ್‌ಪಿ ಸಾಫ್ಟ್‌ವೇರಿನಲ್ಲೇ ನಡೆಸುತ್ತಿದ್ದೇವೆ. ಕಬ್ಬಿಣ ನಮ್ಮದು, ಕತ್ತರಿಸಿ ಬಗ್ಗಿಸಿ ಕಟ್ಟುವ ಕೂಲಿ ಸಬ್‌ಕಾಂಟ್ರಾಕ್ಟರ್‌ಗೆ ಕೆಜಿ ಲೆಕ್ಕ. ಕೆಲಸ ನಡೆದಂತೆ ಅವರು ಕೊಡುವ ಆರ್‌.ಎ. ಬಿಲ್‌ಗಳಲ್ಲಿ ನಾಲ್ಕನೆಯದು ಬಂದಾಗ ರಿಪೋರ್ಟ್ ತೆಗೆದೆ. ಇದುವರೆಗೆ ಇಶ್ಯೂ ಆದದ್ದು 48,600 ಕೆಜಿ, ಅಳತೆಯಲ್ಲಿ ಬಂದದ್ದು 41,200 ಕೆಜಿ. ಒಪ್ಪಂದದಲ್ಲಿ ವೇಸ್ಟೇಜ್ ಶೇ. 3 ಮಾತ್ರ. ಅವರು ಒಂದು ಸರಳೂ ಗೇಟ್ ದಾಟಿಲ್ಲ ಅಂತಾರೆ. ಅಕೌಂಟೆಂಟ್, ಕಂಪ್ಯೂಟರ್ ತೋರಿಸ್ತಿದೆಯಲ್ಲ, ಬಿಲ್‌ನಲ್ಲೇ ಹಿಡೀರಿ ಅಂತಾರೆ. ಹಿಡಿಯಬಹುದೇ? ಸ್ಟೋರ್ ಲೆಡ್ಜರ್, ಎಂ.ಬಿ. ಪುಟಗಳು, ಸೈಟ್‌ನಲ್ಲಿ ಎಣಿಸಿದ ಪಟ್ಟಿ ಜೊತೆಗಿಟ್ಟಿದ್ದೇನೆ.”

ಉತ್ತರ:

ಈ ಬಿಲ್‌ನಲ್ಲಿ ಹಿಡಿಯಬೇಡಿ. ನೀವು ಕಳಿಸಿದ ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನಿಜವಾಗಿ ಲೆಕ್ಕಕ್ಕೆ ಸಿಗದೆ ಉಳಿಯುವುದು ಒಂದು ಟನ್‌ಗಿಂತ ಕಡಿಮೆ. ಅದು ಶೇ. 3ರ ಒಳಗೇ ಇದೆ. ಉಳಿದ ಆರೂವರೆ ಟನ್ನಿನಷ್ಟು ಕಬ್ಬಿಣ ಎಲ್ಲೂ ಹೋಗಿಲ್ಲ. ನಿಮ್ಮ ರಿಪೋರ್ಟು ಹೋಲಿಸಬಾರದ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟಿದೆ, ಅಷ್ಟೇ.

“ಕಂಪ್ಯೂಟರ್ ತೋರಿಸುತ್ತಿದೆ” ಎನ್ನುವ ಮಾತಿನಲ್ಲೇ ತಪ್ಪು ಶುರುವಾಗುತ್ತದೆ. ಇಶ್ಯೂ ಅಂದರೆ ಕಬ್ಬಿಣ ಸ್ಟೋರಿನಿಂದ ಹೊರಗೆ ಬಂತು ಎಂದಷ್ಟೇ. ಅಳತೆ ಅಂದರೆ ಎಂಜಿನಿಯರ್ ನೋಡಿ, ಡ್ರಾಯಿಂಗಿಗೆ ತಾಳೆ ಹಾಕಿ, ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದು. ಇವೆರಡರ ನಡುವೆ ಯಾರ್ಡಿನಲ್ಲಿ ಬಿದ್ದಿರುವ ಸರಳು, ಕತ್ತರಿಸಿ ಬಗ್ಗಿಸಿಟ್ಟದ್ದು, ಸ್ಲ್ಯಾಬ್ ಮೇಲೆ ಕಟ್ಟಿ ಕಾಂಕ್ರೀಟಿಗೆ ಕಾಯುತ್ತಿರುವುದು, ತುಂಡು, ಸ್ಕ್ರ್ಯಾಪ್ ಎಲ್ಲ ಇರುತ್ತವೆ. ನಿಮ್ಮ ಇಆರ್‌ಪಿಯಲ್ಲಿ ಇವುಗಳಿಗೆ ಮನೆಯೇ ಇಲ್ಲ. ಇಶ್ಯೂ ಆದ ಕ್ಷಣ ಕಬ್ಬಿಣ “ಖರ್ಚಾಯಿತು” ಎಂದು ಅದು ಬರೆದುಕೊಳ್ಳುತ್ತದೆ.

ನಿಮ್ಮ 7,400 ಕೆಜಿಯನ್ನು ಬಿಡಿಸೋಣ.

ಮೊದಲು ತಾರೀಖು. ಎಂ.ಬಿ.ಯಲ್ಲಿ ಅಳತೆ ನಿಂತಿರುವುದು 25ಕ್ಕೆ, ನೀವು ರಿಪೋರ್ಟ್ ತೆಗೆದದ್ದು 30ಕ್ಕೆ. ಆ ಐದು ದಿನದಲ್ಲಿ 1,900 ಕೆಜಿ ಇಶ್ಯೂ ಆಗಿದೆ. ಅದನ್ನು ಈ ಬಿಲ್‌ಗೆ ಹೋಲಿಸುವಂತೆಯೇ ಇಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ರಿಪೋರ್ಟಿನ ತಾರೀಖನ್ನು 25ಕ್ಕೆ ಬದಲಿಸಿದರೆ ಸಾಕೆಂದುಕೊಳ್ಳಬೇಡಿ. ನಿಮ್ಮ ಸ್ಟೋರಿನವರು ಚೀಟಿಯನ್ನು ಕೈಯಲ್ಲಿ ಬರೆದು ಎರಡು ಮೂರು ದಿನ ಬಿಟ್ಟು ಒಟ್ಟಿಗೆ ಸಿಸ್ಟಮ್ಮಿಗೆ ಹಾಕುತ್ತಾರೆ. 24ರ ಚೀಟಿಯೊಂದು 27ರ ಎಂಟ್ರಿಯಾಗಿ ಕೂತಿರುವುದು ಲೆಡ್ಜರಿನಲ್ಲೇ ಕಾಣುತ್ತದೆ. ಎಂಟ್ರಿ ಮಾಡಿದ ದಿನ ಬಿಟ್ಟು ಚೀಟಿಯ ದಿನದ ಮೇಲೆ ಲೆಕ್ಕ ಹಿಡಿಯಬೇಕು. 1,900 ಎಂದು ನಾನು ಹೇಳಿದ್ದು ಹಾಗೆ ಹಿಡಿದ ಮೇಲಿನ ಸಂಖ್ಯೆ.

ಎರಡನೆಯದು ಸೈಟ್‌ನಲ್ಲೇ ಇರುವ ಮಾಲು. ನಿಮ್ಮ ಎಣಿಕೆಪಟ್ಟಿಯ ಪ್ರಕಾರ 25ನೇ ತಾರೀಖು ಯಾರ್ಡಿನಲ್ಲಿ ಕತ್ತರಿಸದ ಸರಳು 1,480 ಕೆಜಿ ಇತ್ತು. ಎರಡನೇ ಮಹಡಿಯ ಸ್ಲ್ಯಾಬ್‌ಗೆ ಬಗ್ಗಿಸಿಟ್ಟದ್ದು ಮತ್ತು ಅರ್ಧ ಕಟ್ಟಿದ್ದು ಸೇರಿ 1,620 ಕೆಜಿ. ಒಟ್ಟು 3,100. ಇದು ಮುಂದಿನ ಬಿಲ್‌ನಲ್ಲಿ ತಾನಾಗಿ ಅಳತೆಗೆ ಬರುತ್ತದೆ. ಈಗ ಹಿಡಿದರೆ ಆಗ ವಾಪಸ್ ಕೊಡಬೇಕು. ಕೊಡುವುದು ಮರೆತರೆ ಜಗಳ.

ಮೂರನೆಯದು ತಪ್ಪು ಹೆಸರು. 16ನೇ ತಾರೀಖಿನ ಒಂದು ಚೀಟಿಯಲ್ಲಿ 420 ಕೆಜಿ 8 ಮಿಮೀ ಸರಳು ಇದೆ. ಜಾಗದ ಕಾಲಂ ಖಾಲಿ, ಷರಾದಲ್ಲಿ ಮಾತ್ರ “ಕಾಂಪೌಂಡ್” ಎಂದು ಬರೆದಿದೆ. ಕಾಂಪೌಂಡ್ ಗೋಡೆ ಬೇರೆ ಸಬ್‌ಕಾಂಟ್ರಾಕ್ಟರ್ ಕೆಲಸ. ಪಟ್ಟಿಯಲ್ಲಿ ಮೊದಲು ಬರುವ ವರ್ಕ್ ಆರ್ಡರನ್ನೇ ಸ್ಟೋರಿನವರು ಆರಿಸಿದ್ದಾರೆ ಎಂದು ಕಾಣುತ್ತದೆ. ಬಹಳ ಕಡೆ ಆಗುವುದು ಹೀಗೇ.

ನಾಲ್ಕನೆಯದು ಚೇರ್ ಸರಳು. ಸ್ಲ್ಯಾಬಿನ ಮೇಲಿನ ಜಾಲರಿಯನ್ನು ಎತ್ತಿ ಹಿಡಿಯಲು ಇಡುವ ಚೇರು, ಪದರಗಳ ನಡುವಿನ ಸ್ಪೇಸರು ಎಲ್ಲ ಸೇರಿ ಇದುವರೆಗೆ 380 ಕೆಜಿ. ಪ್ರತಿ ಸರಳಿನ ಉದ್ದ, ಆಕಾರ ಬರೆದ ಬಾರ್ ಬೆಂಡಿಂಗ್ ಶೆಡ್ಯೂಲಿನಲ್ಲಿ ಇದಿದೆ, ಎಂ.ಬಿ.ಯಲ್ಲಿ ಇಲ್ಲ. ಏಕೆಂದರೆ ನಿಮ್ಮ ಒಪ್ಪಂದದಲ್ಲಿ ಚೇರಿಗೆ ಕೂಲಿ ಇಲ್ಲ. ಅದು ಸರಿಯೇ. ಆದರೆ ಕೂಲಿ ಕೊಡದಿದ್ದರೂ ಕಬ್ಬಿಣ ಕಾಂಕ್ರೀಟಿನೊಳಗೆ ಹೋಗಿದೆಯಲ್ಲ. ಕೂಲಿಗೆ ಅಳೆಯುವ ಪ್ರಮಾಣವೇ ಬೇರೆ, ಮಾಲು ತಾಳೆ ಹಾಕುವ ಪ್ರಮಾಣವೇ ಬೇರೆ. ಎರಡು ಸರಳು ಜೋಡಿಸುವಾಗ ಒಂದರ ಮೇಲೊಂದು ಬರುವ ಲ್ಯಾಪ್‌ಗೂ ಇದೇ ಪ್ರಶ್ನೆ ಏಳುತ್ತದೆ. ನಿಮ್ಮಲ್ಲಿ ಡ್ರಾಯಿಂಗಿನಂತೆ ಇರುವ ಲ್ಯಾಪ್ ಅಳತೆಗೆ ಬಂದಿರುವುದರಿಂದ ಆ ತೊಂದರೆ ಇಲ್ಲ.

ಐದನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ: ತೂಕ. ನೀವು ಕಬ್ಬಿಣ ಕೊಳ್ಳುವುದು ವೇಬ್ರಿಡ್ಜ್ ತೂಕಕ್ಕೆ. ಲಾರಿ ನೇರ ಯಾರ್ಡಿಗೆ ಇಳಿಯುವುದರಿಂದ ಇಶ್ಯೂ ಕೂಡ ಅದೇ ತೂಕಕ್ಕೆ ಆಗುತ್ತಿದೆ. ಅಳತೆ ಮಾತ್ರ ಉದ್ದವನ್ನು ಟೇಬಲ್ ತೂಕದಿಂದ ಗುಣಿಸಿದ್ದು. ಒಂದು ಮೀಟರಿನ ತೂಕ ಕೆಜಿಯಲ್ಲಿ, ವ್ಯಾಸ ಮಿಮೀಯಲ್ಲಿ:

```
w = d × d / 162
```

12 ಮಿಮೀ ಸರಳಿಗೆ ಇದು ಮೀಟರಿಗೆ 0.889 ಕೆಜಿ. ಆದರೆ ರೋಲಿಂಗ್ ಮಿಲ್ಲಿನಿಂದ ಬರುವ ಸರಳು ಅಷ್ಟೇ ತೂಗಬೇಕೆಂದಿಲ್ಲ. ಮಾನದಂಡವೇ ಒಂದಿಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಡುತ್ತದೆ. ನೀವು ಹತ್ತು ತುಂಡು, ತಲಾ ಒಂದು ಮೀಟರ್ ಕತ್ತರಿಸಿ ತೂಗಿದಾಗ 8.89ರ ಬದಲು 9.02 ಕೆಜಿ ಬಂದಿದೆ. ಎಲ್ಲ ವ್ಯಾಸಗಳನ್ನೂ ಸೇರಿಸಿ ಸರಾಸರಿ ತೆಗೆದರೆ ನಿಮ್ಮ ಮಾಲು ಶೇ. 1.5ರಷ್ಟು ಭಾರ. ಬಳಕೆಯಾದ 43,180 ಕೆಜಿ ವೇಬ್ರಿಡ್ಜ್ ಕಬ್ಬಿಣ (48,600ರಲ್ಲಿ ಮೇಲಿನ 1,900, 3,100 ಮತ್ತು 420 ಕಳೆದದ್ದು) ಟೇಬಲ್ ತೂಕದಲ್ಲಿ ಸುಮಾರು 42,540 ಕೆಜಿ ಆಗುತ್ತದೆ. ಅಂದರೆ ಯಾರೂ ಮುಟ್ಟದೆ 640 ಕೆಜಿ “ಮಾಯ”. ಈ ನಷ್ಟ ಕೊಂಡವರದ್ದು, ಕಟ್ಟಿದವರದ್ದಲ್ಲ. ಸರಬರಾಜುದಾರರ ಹತ್ತಿರ ಮಾತಾಡಬೇಕಾದ ವಿಷಯ ಇದು.

(ಕೆಲವು ಸೈಟ್‌ಗಳಲ್ಲಿ ಲಾರಿ ವೇಬ್ರಿಡ್ಜ್ ತೂಕಕ್ಕೆ ಒಳಬಂದು, ಇಶ್ಯೂ ಮಾತ್ರ ಸರಳು ಎಣಿಸಿ ಟೇಬಲ್ ತೂಕಕ್ಕೆ ಆಗುತ್ತದೆ. ಆಗ ಇದೇ ವ್ಯತ್ಯಾಸ ಸ್ಟೋರಿನ ಲೆಡ್ಜರಿನಲ್ಲಿ ಇಲ್ಲದ ಕಬ್ಬಿಣವಾಗಿ ಕೂರುತ್ತದೆ. ಪಾಪ, ಸ್ಟೋರ್ ಕೀಪರ್ ಕಳ್ಳನಾಗುತ್ತಾನೆ.)

ಈಗ ಕೂಡಿ ನೋಡಿ. 7,400ರಲ್ಲಿ 1,900, 3,100, 420, 380, 640 ಹೋದರೆ ಉಳಿಯುವುದು 960 ಕೆಜಿ. ಕಾಂಕ್ರೀಟಿನೊಳಗೆ ನಿಜವಾಗಿ ಹೋದದ್ದು ಅಳತೆಯ 41,200 ಮತ್ತು ಚೇರಿನ 380 ಸೇರಿ 41,580 ಕೆಜಿ. ಅದರ ಮೇಲೆ 960 ಅಂದರೆ ಶೇ. 2.3. ಒಪ್ಪಂದದ ಶೇ. 3ರಂತೆ 1,247 ಕೆಜಿವರೆಗೆ ಅವರಿಗೆ ಅವಕಾಶವಿದೆ. ಹಿಡಿಯಲು ಏನೂ ಇಲ್ಲ. ಯಾರ್ಡಿನ ಮೂಲೆಯಲ್ಲಿ ತುಂಡಿನ ರಾಶಿ 610 ಕೆಜಿ ಇದೆ ಎಂದು ನಿಮ್ಮ ಪಟ್ಟಿಯಲ್ಲೇ ಇದೆ. ಅದು ಈ 960ರ ಒಳಗಿನ ಭಾಗ, ಬೇರೆಯಾಗಿ ಕಳೆಯಬಾರದು. ಹಾಗಾದರೆ ಕಣ್ಣಿಗೆ ಕಾಣದ್ದು ಸುಮಾರು 350 ಕೆಜಿ. 40 ಟನ್ ಕೆಲಸದಲ್ಲಿ ಇದು ಗಾಬರಿಪಡುವ ಸಂಖ್ಯೆಯಲ್ಲ.

ಅಕೌಂಟೆಂಟ್ ಹೇಳಿದಂತೆ ಮಾಡಿದ್ದರೆ ಏನಾಗುತ್ತಿತ್ತು? 7,400ರಲ್ಲಿ 41,200ರ ಶೇ. 3, ಅಂದರೆ 1,236 ಕಳೆದು 6,164 ಕೆಜಿಗೆ ಕಬ್ಬಿಣದ ಬೆಲೆ ಹಿಡಿಯುತ್ತಿದ್ದಿರಿ. ಕಬ್ಬಿಣದ ಕೆಜಿ ಬೆಲೆ ಕಟ್ಟುವ ಕೂಲಿಯ ಹಲವು ಪಟ್ಟು. ಈ ಬಿಲ್‌ನಲ್ಲಿ ಅವರ ಹೊಸ ಕೆಲಸ 8,200 ಕೆಜಿ. ಅದರ ಇಡೀ ಕೂಲಿ ಹೋಗಿ, ಅವರೇ ನಿಮಗೆ ಬಾಕಿ ಎಂದು ಬಿಲ್ ಮೈನಸ್‌ನಲ್ಲಿ ನಿಲ್ಲುತ್ತಿತ್ತು. ಮರುದಿನ ಬಾರ್ ಬೆಂಡರ್‌ಗಳು ಸೈಟಿಗೆ ಬರುತ್ತಿರಲಿಲ್ಲ.

ಇನ್ನೊಂದು ತಪ್ಪು ನಂಬಿಕೆಯನ್ನೂ ಬಿಡಿಸಬೇಕು, ನಿಮ್ಮ ರಿಪೋರ್ಟಿನ ಮೂರನೇ ಕಾಲಂ ನೋಡಿ ಹೇಳುತ್ತಿದ್ದೇನೆ. ಅಲ್ಲಿ ಇಶ್ಯೂವನ್ನು ಬಿಒಕ್ಯೂ ಪ್ರಮಾಣಕ್ಕೂ ಹೋಲಿಸಿದ್ದೀರಿ. ಬಿಒಕ್ಯೂ ಟೆಂಡರ್ ಹೊತ್ತಿನ ಅಂದಾಜು. ಡ್ರಾಯಿಂಗ್ ಬದಲಾದಾಗ, ಕಾಲಮ್ಮಿನ ಸರಳು 16ರಿಂದ 20 ಮಿಮೀ ಆದಾಗ ಅದು ಬದಲಾಗುವುದಿಲ್ಲ. ಗ್ರಾಹಕರಿಂದ ಬರಬೇಕಾದ ಹಣ, ಬಜೆಟ್ ಮೀರಿದೆಯೇ ಎಂಬುದಕ್ಕೆ ಬಿಒಕ್ಯೂ ನೋಡಿ. ಕಬ್ಬಿಣ ಎಲ್ಲಿ ಹೋಯಿತು ಎಂಬುದಕ್ಕೆ ಈಗಿನ ಡ್ರಾಯಿಂಗಿನ ಬಾರ್ ಬೆಂಡಿಂಗ್ ಶೆಡ್ಯೂಲ್ ಮತ್ತು ಎಂ.ಬಿ. ಎರಡೇ ಉತ್ತರ ಹೇಳಬಲ್ಲವು.

ಇದು ಪ್ರತಿ ತಿಂಗಳೂ ಮರುಕಳಿಸದಿರಲು ಇಆರ್‌ಪಿಯಲ್ಲಿ ಬದಲಿಸಬೇಕಾದದ್ದು ಮುಖ್ಯವಾಗಿ ಒಂದೇ: ಸಬ್‌ಕಾಂಟ್ರಾಕ್ಟರ್ ಯಾರ್ಡನ್ನು ಒಂದು ಗೋದಾಮಾಗಿ ಮಾಡಿ. ಸ್ಟೋರಿನಿಂದ ಹೋಗುವುದು ಖರ್ಚಲ್ಲ, ಜಾಗ ಬದಲಾವಣೆ. ಕಬ್ಬಿಣ ಆಗಲೂ ನಿಮ್ಮ ಸ್ಟಾಕೇ, ಅವರ ಹೆಸರಿನ ಗೋದಾಮಿನಲ್ಲಿ ಕೂತಿರುತ್ತದೆ. ಅಳತೆ ಸರ್ಟಿಫೈ ಆದಾಗ ಮಾತ್ರ ಅಷ್ಟು ಪ್ರಮಾಣ ಆ ಗೋದಾಮಿನಿಂದ ಬಿಒಕ್ಯೂ ಐಟಮ್ಮಿನ ಖರ್ಚಿಗೆ ಇಳಿಯುತ್ತದೆ. ಇಆರ್‌ಪಿನೆಕ್ಸ್ಟ್ ಬಳಸುವವರಿಗೆ ಇದು Material Issue ಬದಲು Material Transfer. ಸ್ಯಾಪ್‌ನಲ್ಲಿ 541ನೇ ಮೂವ್‌ಮೆಂಟ್‌ನಿಂದ ಸಬ್‌ಕಾಂಟ್ರಾಕ್ಟರ್ ಬಳಿಗೆ, 543ರಿಂದ ಬಳಕೆಗೆ. ಬೇರೆ ಸಾಫ್ಟ್‌ವೇರಿನಲ್ಲಿ ಹೆಸರು ಬೇರೆ ಇರಬಹುದು. ನಿಮ್ಮ ಇಂಪ್ಲಿಮೆಂಟೇಶನ್‌ನವರಿಗೆ “ಇಶ್ಯೂ ಆದಾಗ ಸ್ಟಾಕ್ ಮೌಲ್ಯ ಇಳಿಯಬಾರದು, ಅಳತೆಯಾದಾಗ ಇಳಿಯಬೇಕು” ಎಂದು ಹೇಳಿದರೆ ಅರ್ಥವಾಗುತ್ತದೆ.

ಹೀಗೆ ಮಾಡಿದರೆ ಆ ಗೋದಾಮಿನ ಬಾಕಿಯೇ ನಿಮ್ಮ ತಾಳೆಪಟ್ಟಿ. ಪುಸ್ತಕದಲ್ಲಿ ಬಾಕಿ ಎಷ್ಟು, ಯಾರ್ಡಿನಲ್ಲಿ ಎಣಿಸಿದರೆ ಎಷ್ಟು, ಇವೆರಡರ ವ್ಯತ್ಯಾಸ ಮಾತ್ರ ಪ್ರಶ್ನಿಸಬೇಕಾದದ್ದು. ಆದರೆ ಇದಕ್ಕೊಂದು ಬೆಲೆ ಇದೆ. ಅಳತೆ ತಡವಾದರೆ ಖರ್ಚೂ ತಡವಾಗಿ ಬರುತ್ತದೆ, ತಿಂಗಳ ಕೊನೆಯ ಲಾಭ ನಿಜಕ್ಕಿಂತ ಹೆಚ್ಚು ಚೆನ್ನಾಗಿ ಕಾಣುತ್ತದೆ. ಎರಡು ತಿಂಗಳು ಎಂ.ಬಿ. ಬರೆಯದ ಎಂಜಿನಿಯರ್ ಇರುವ ಸೈಟಿನಲ್ಲಿ ಈ ವಿಧಾನ ಮೊದಲಿಗಿಂತ ಹೆಚ್ಚು ಮೋಸ ಮಾಡುತ್ತದೆ. ಅಳತೆ ತಿಂಗಳಿಗೊಮ್ಮೆ ಆಗುವಂತೆ ಮೊದಲು ನೋಡಿಕೊಳ್ಳಿ.

ಇದರ ಜೊತೆ ಇಶ್ಯೂ ಪರದೆಯಲ್ಲಿ ವರ್ಕ್ ಆರ್ಡರ್ ಮತ್ತು ಜಾಗ ಎರಡನ್ನೂ ಕಡ್ಡಾಯ ಮಾಡಿ, ತಾನಾಗಿ ತುಂಬಿಕೊಳ್ಳುವ ಡಿಫಾಲ್ಟ್ ತೆಗೆಯಿರಿ. ಆಗ ಕಾಂಪೌಂಡಿನ 420 ಕೆಜಿ ಸ್ಲ್ಯಾಬಿನವರ ತಲೆಗೆ ಬರುವುದಿಲ್ಲ. ಆದರೆ ಜಾಗದ ಪಟ್ಟಿಯನ್ನು ಉದ್ದ ಮಾಡಬೇಡಿ. “ಎರಡನೇ ಮಹಡಿ ಸ್ಲ್ಯಾಬ್” ಸಾಕು, “ಗ್ರಿಡ್ ಸಿ-4 ಬೀಮ್” ಬೇಡ. ಇನ್ನೂರು ಹೆಸರಿನ ಪಟ್ಟಿ ಕೊಟ್ಟರೆ ಸ್ಟೋರಿನವರು ಮತ್ತೆ ಮೊದಲನೆಯದನ್ನೇ ಒತ್ತುತ್ತಾರೆ. ತುಂಡು ವಾಪಸ್ ಬಂದಾಗ ರಿಟರ್ನ್ ಎಂಟ್ರಿ ಬೇಕು. ಒಂದು ಮೀಟರಿಗಿಂತ ಉದ್ದದ್ದು ಬಳಸಬಹುದಾದ ಸ್ಟಾಕು, ಅದಕ್ಕಿಂತ ಚಿಕ್ಕದು ಸ್ಕ್ರ್ಯಾಪು ಎಂದು ನೀವೇ ಒಂದು ಗೆರೆ ಹಾಕಿಕೊಳ್ಳಿ. ಎರಡಕ್ಕೂ ಬೇರೆ ಐಟಂ ಕೋಡ್ ಇರಲಿ. ಒಂದೇ ಕೋಡಿನಲ್ಲಿ ಹಾಕಿದರೆ ಸ್ಕ್ರ್ಯಾಪ್ ಹೊಸ ಕಬ್ಬಿಣದ ಬೆಲೆಗೆ ಸ್ಟಾಕಿಗೆ ಹತ್ತುತ್ತದೆ.

ವೇಸ್ಟೇಜನ್ನು ಎರಡು ಸಲ ಕೊಡುವ ತಪ್ಪು ನಿಮ್ಮ ಸೆಟಪ್ಪಿನಲ್ಲೂ ಇದೆ. ಬಿಒಕ್ಯೂ ಐಟಮ್ಮಿನ ಬಳಕೆ ಪ್ರಮಾಣದಲ್ಲಿ ಒಂದು ಕೆಜಿಗೆ 1.03 ಎಂದು ಹಾಕಿದ್ದೀರಿ, ಬಿಲ್ಲಿನ ರಿಕವರಿಯಲ್ಲಿ ಮತ್ತೆ ಶೇ. 3 ಬಿಟ್ಟಿದ್ದೀರಿ. ಕೂಡಿದರೆ ಅವಕಾಶ ಶೇ. 6 ಆಯಿತು. ಈ ಸಲ ರಿಪೋರ್ಟಿನ ಬೇರೆ ತಪ್ಪುಗಳು ಇದನ್ನು ಮುಚ್ಚಿಹಾಕಿದವು. ಅವನ್ನು ಸರಿಪಡಿಸಿದ ಮೇಲೆ ಇದು ನಿಮ್ಮ ಕೈಯಿಂದ ಹೋಗುವ ಕಬ್ಬಿಣ. ಬಳಕೆ ಪ್ರಮಾಣವನ್ನು 1.00 ಮಾಡಿ, ವೇಸ್ಟೇಜನ್ನು ವರ್ಕ್ ಆರ್ಡರಿನಲ್ಲಿ ಮಾತ್ರ ಇಡಿ.

ಸಿಮೆಂಟಿಗೆ ಇದೇ ವಿಧಾನ ಪೂರ್ತಿ ಒಗ್ಗುವುದಿಲ್ಲ. ಸರಳನ್ನು ಕಟ್ಟಿದ ಮೇಲೂ ಎಣಿಸಬಹುದು, ಸಿಮೆಂಟನ್ನು ಹಾಕಿದ ಮೇಲೆ ಎಣಿಸಲಾಗದು. ಅಲ್ಲಿ ಮಿಕ್ಸ್ ಡಿಸೈನಿನ ಪ್ರಮಾಣವೇ ಆಧಾರ. ಘನಮೀಟರಿಗೆ 380 ಕೆಜಿ ಇದ್ದರೆ 50 ಕೆಜಿ ಚೀಲದ ಲೆಕ್ಕದಲ್ಲಿ 7.6 ಚೀಲ. ಎಲ್ಲ ಕಾಂಕ್ರೀಟ್ ಐಟಮ್ಮಿಗೂ ಒಂದೇ ಸಂಖ್ಯೆ ಹಾಕಿರುವವರೇ ಹೆಚ್ಚು. ಬೆಡ್ ಕಾಂಕ್ರೀಟಿಗೆ ಅದು ವಿಪರೀತ ಹೆಚ್ಚಾಗಿ, ಅಲ್ಲಿ “ಉಳಿತಾಯ” ತೋರಿಸಿ ಬೇರೆ ಕಡೆಯ ಕೊರತೆಯನ್ನು ಮುಚ್ಚುತ್ತದೆ. ಗ್ರೇಡಿಗೊಂದು ಪ್ರಮಾಣ ಇಡಿ.

ಇನ್ನು ಈ ಬಿಲ್. ನಿಮ್ಮ ಮುಂದಿರುವುದು ಮೂರು ದಾರಿ. ಪೂರ್ತಿ ಹಿಡಿಯುವುದರ ಫಲ ಮೇಲೆ ಹೇಳಿದೆ. ಏನೂ ಕೇಳದೆ ಪೂರ್ತಿ ಕೊಟ್ಟುಬಿಡುವುದೂ ಒಳ್ಳೆಯದಲ್ಲ. ಎಂಟನೇ ಬಿಲ್ಲಿಗೆ ನಿಜವಾಗಿಯೂ ಎರಡು ಟನ್ ಕಡಿಮೆ ಬಂದಾಗ, “ನಾಲ್ಕನೇ ಬಿಲ್ಲಿನವರೆಗೆ ಎಲ್ಲ ಸರಿ ಇತ್ತಲ್ಲ” ಎನ್ನಲು ಅವರಿಗೂ ಆಧಾರವಿರುವುದಿಲ್ಲ, “ಇರಲಿಲ್ಲ” ಎನ್ನಲು ನಿಮಗೂ ಇರುವುದಿಲ್ಲ. ನನ್ನ ಸಲಹೆ ಮೂರನೆಯದು: ಬಿಲ್ ಪೂರ್ತಿ ಪಾಸ್ ಮಾಡಿ, ಅದರ ಜೊತೆಗೆ ಜಂಟಿ ತಾಳೆಪಟ್ಟಿ ಲಗತ್ತಿಸಿ. ಆ ಹಾಳೆಯಲ್ಲಿ ವ್ಯಾಸವಾರು ಇಶ್ಯೂ, ವಾಪಸ್, ಯಾರ್ಡ್ ಎಣಿಕೆ, ಕಟ್ಟಿದ್ದು ಅಳತೆಯಾಗದ್ದು, ಅಳತೆ, ಚೇರು, ತೂಗಿದ ಸ್ಕ್ರ್ಯಾಪು, ಕೊನೆಗೆ ಉಳಿದ ವ್ಯತ್ಯಾಸ ಇರಬೇಕು. ವ್ಯಾಸವಾರು ಯಾಕೆಂದರೆ ಒಟ್ಟು ಲೆಕ್ಕ ಸರಿಯಿದ್ದೂ 8 ಮಿಮೀ ಕಡಿಮೆ, 16 ಮಿಮೀ ಹೆಚ್ಚು ಬಂದರೆ ಸರಳು ಬದಲಿಸಿ ಕಟ್ಟಿದ್ದಾರೆಯೇ ಅಥವಾ ಇಶ್ಯೂ ಚೀಟಿಯಲ್ಲಿ ವ್ಯಾಸ ತಪ್ಪಾಗಿದೆಯೇ ಎಂದು ಆಗಲೇ ಗೊತ್ತಾಗುತ್ತದೆ. ಸೈಟ್ ಎಂಜಿನಿಯರ್, ಸ್ಟೋರ್ ಕೀಪರ್, ಸಬ್‌ಕಾಂಟ್ರಾಕ್ಟರ್ ಮೂವರ ಸಹಿ ಬೇಕು. ಈಗಿರುವ ಎಣಿಕೆಪಟ್ಟಿಯಲ್ಲಿ ನಿಮ್ಮವರ ಸಹಿ ಮಾತ್ರ ಇದೆ, ಹಾಗಾಗಿ ಅವರೊಡನೆ ಮತ್ತೊಮ್ಮೆ ಎಣಿಸಿ. ಅಂದಿನಿಂದ 25ಕ್ಕೆ ಹಿಂದೆ ಲೆಕ್ಕ ಹಾಕಲು ನಡುವಿನ ಇಶ್ಯೂ ಮತ್ತು ಕೆಲಸ ಎರಡನ್ನೂ ಕಳೆದುಕೂಡಬೇಕು. ಅವರು ಸಹಿಗೆ ಹಿಂದೇಟು ಹಾಕಿದರೆ 960 ಕೆಜಿಯಷ್ಟರ ಮೊತ್ತವನ್ನು ಮಾತ್ರ, ರಿಕವರಿ ಎಂದಲ್ಲ, ತಡೆ ಎಂದು ಬರೆದು ಮುಂದಿನ ಬಿಲ್‌ವರೆಗೆ ಇಟ್ಟುಕೊಳ್ಳಿ.

ಮುಂದೆ ಹಿಡಿಯುವ ಸಂದರ್ಭ ಬಂದರೆ ಇಆರ್‌ಪಿಯಲ್ಲಿ ಅದನ್ನು ತಿಂಗಳ ಲೆಕ್ಕದಲ್ಲಿ ಹಾಕಬೇಡಿ. ಕೆಲಸದ ಹಾಗೆಯೇ ಮೊದಲಿನಿಂದ ಇಲ್ಲಿಯವರೆಗೆ ಎಂದು ಲೆಕ್ಕ ಹಾಕಿ, ಹಿಂದೆ ಹಿಡಿದದ್ದನ್ನು ಕಳೆಯುವಂತೆ ಮಾಡಿ. ಐದನೇ ಬಿಲ್ಲಿನಲ್ಲಿ 300 ಕೆಜಿ ಮಿತಿ ಮೀರಿತು, ಹಿಡಿದಿರಿ. ಆರನೆಯದರಲ್ಲಿ ಬಿಟ್ಟುಹೋಗಿದ್ದ ಅಳತೆ ಸೇರಿ ಮೀರಿದ್ದು 120ಕ್ಕೆ ಇಳಿಯಿತು ಎನ್ನಿ. ಆಗ ಆ ಬಿಲ್ಲಿನ ರಿಕವರಿ ಮೈನಸ್ 180 ಎಂದು ಬಂದು ಅವರ ಹಣ ಯಾರೂ ಕೇಳದೆ ವಾಪಸ್ ಹೋಗುತ್ತದೆ. ರಿಕವರಿ ದರವನ್ನು ವರ್ಕ್ ಆರ್ಡರಿನಿಂದ ತೆಗೆದುಕೊಳ್ಳುವಂತೆ ಇಡಿ. ಸ್ಟಾಕಿನ ಸರಾಸರಿ ದರಕ್ಕೆ ಜೋಡಿಸಿದರೆ ಐದರಲ್ಲಿ ಒಂದು ಬೆಲೆಗೆ ಹಿಡಿದದ್ದು ಆರರಲ್ಲಿ ಇನ್ನೊಂದು ಬೆಲೆಗೆ ವಾಪಸಾಗಿ, ಕೆಜಿ ಸರಿಹೋದರೂ ಹಣ ಸರಿಹೋಗುವುದಿಲ್ಲ.